ಗ್ಯಾಸ್ಟ್ರಿಕ್ ಅಲ್ಲದ ಹೊಟ್ಟೆನೋವು

ಇವಳನ್ನು ಶೈಲಾ ಅಂತ ಕರೆಯುತ್ತೇನೆ. ನಿಜವಾದ ಹೆಸರಲ್ಲ, ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 27, ಕೇರಳದ ಕಾಸರಗೋಡು ಕಡೆ, ಬದಿಯಡ್ಕದಿಂದಾಚೆ ಒಂದು ಹಳ್ಳಿ. ಗಂಡ ಗಲ್ಫಿನಲ್ಲಿ. ಅತ್ತೆಯೇ ಕರೆದುಕೊಂಡು ಬಂದಿದ್ದರು. "ಮದುವೆಯಾಗಿ ಎರಡು ವರ್ಷ ಆಯಿತು, ಮಕ್ಕಳಿಲ್ಲ. ಮಗ ರಜೆಯಲ್ಲಿ ಬಂದರೆ ಇವಳು ಹತ್ತಿರವೇ ಹೋಗುವುದಿಲ್ಲ. ನೀವೇ ಸ್ವಲ್ಪ ಬುದ್ಧಿ ಹೇಳಿ ಮೇಡಂ."

ಅತ್ತೆಯನ್ನು ಹೊರಗೆ ಕೂರಿಸಿದೆ. ಸುಮಾರು ಹೊತ್ತು ಸುಮ್ಮನಿದ್ದ ಮೇಲೆ ಶೈಲಾ ಬಾಯಿಬಿಟ್ಟಳು. ಗಂಡನ ಮೇಲೆ ಸಿಟ್ಟಿಲ್ಲ, ಕೂಡುವಾಗ ಒಳಗೆ ಆಳದಲ್ಲಿ ಇರಿದ ಹಾಗೆ ನೋವು, ಮರುದಿನದವರೆಗೂ ಇರುತ್ತದೆ. ಮುಟ್ಟಿನ ನೋವು ಯಾವಾಗಿನಿಂದ ಅಂತ ಕೇಳಿದೆ. 14ನೇ ವಯಸ್ಸಿನಿಂದ. ಆಮೇಲೆ ಇನ್ನೊಂದು ಕೇಳಿದೆ: "ಮುಟ್ಟಿನ ದಿನಗಳಲ್ಲಿ ಕಕ್ಕಸಿಗೆ ಕೂತಾಗ ನೋವಾಗುತ್ತದಾ?"

ಅವಳು ಅತ್ತುಬಿಟ್ಟಳು. "ಅದನ್ನು ಇಷ್ಟು ದಿನ ಯಾರೂ ಕೇಳಿಲ್ಲ ಮೇಡಂ."

ರೋಗ ಪತ್ತೆ ಮಾಡುವುದು ನನ್ನ ಕೆಲಸವಲ್ಲ. ಆದರೆ ಮುಟ್ಟಿನ ಜೊತೆ ಏರಿಳಿಯುವ ಈ ಮೂರು ನೋವು ಒಟ್ಟಿಗೆ ಬಂದರೆ ಎಂಡೊಮೆಟ್ರಿಯೋಸಿಸ್ ಇರಬಹುದೆಂದು ಯೋಚಿಸಲೇಬೇಕು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆ, ಅಂಡಾಶಯದ ಮೇಲೋ ಗರ್ಭಕೋಶದ ಹಿಂದೆ ಕರುಳಿನ ಪಕ್ಕದಲ್ಲೋ ಬೆಳೆಯುವುದೇ ಈ ಕಾಯಿಲೆ. ಅಲ್ಲಿ ಉರಿಯೂತವಾಗುತ್ತದೆ, ಕ್ರಮೇಣ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಹಾಗಾದರೆ 13 ವರ್ಷ ಯಾಕೆ ಗೊತ್ತಾಗಲಿಲ್ಲ? ಅಮ್ಮ "ನನಗೂ ಹೀಗೇ ಇತ್ತು" ಅಂದರು. ಶಾಲೆಯಲ್ಲಿ ತಿಂಗಳಿಗೆ ಎರಡು ದಿನ ರಜೆ, ಮನೆಯಲ್ಲಿ ನೋವಿನ ಮಾತ್ರೆ. ಕ್ಲಿನಿಕ್ಕಿನಲ್ಲಿ ಹೊಟ್ಟೆ ಉಬ್ಬರ ಅಂದದ್ದಕ್ಕೆ ಗ್ಯಾಸ್ಟ್ರಿಕ್ ಮದ್ದು. ಅಲ್ಲಿ ಮಾತು ಮಲಯಾಳದಲ್ಲಿ. ಸಾಮಾನು ಕೊಳ್ಳುವಷ್ಟು ಮಲಯಾಳ ಅವಳಿಗೆ ಬರುತ್ತದೆ, ಇಂಥ ಸಂಗತಿ ಹೇಳುವಷ್ಟು ಬರುವುದಿಲ್ಲ. 19ರಲ್ಲಿ ಹೊಟ್ಟೆಯ ಮೇಲಿನಿಂದ ಒಂದು ಸ್ಕ್ಯಾನ್ ಮಾಡಿಸಿದ್ದರು, ನಾರ್ಮಲ್ ಬಂತು. ಅಲ್ಲಿಗೆ ಎಲ್ಲರೂ ಕೈಬಿಟ್ಟರು. ಆದರೆ ಈ ಕಾಯಿಲೆಯ ತೆಳುವಾದ ಕಲೆಗಳು ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ನಾರ್ಮಲ್ ಅಂದರೆ ಕಾಯಿಲೆ ಇಲ್ಲ ಎಂದಲ್ಲ.

ನಾನು ಹೇಳಿದ ಮೊದಲ ಕೆಲಸ, ಎರಡು ತಿಂಗಳು ಬರೆದಿಡುವುದು. ಯಾವ ದಿನ ನೋವು, ಹತ್ತರಲ್ಲಿ ಎಷ್ಟು, ಕಕ್ಕಸಿನಲ್ಲಿ ಹೇಗೆ, ಎಷ್ಟು ಮಾತ್ರೆ. ಆ ಹಾಳೆ ಹಿಡಿದುಕೊಂಡು ಮಂಗಳೂರಿನಲ್ಲಿ ಕನ್ನಡ ಮಾತಾಡುವ ಸ್ತ್ರೀರೋಗ ತಜ್ಞರ ಹತ್ತಿರ ಹೋದಳು. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಎಡ ಅಂಡಾಶಯದಲ್ಲಿ 3.5 ಸೆಂಟಿಮೀಟರಿನ ಚಾಕೊಲೇಟ್ ಸಿಸ್ಟ್ ಕಂಡಿತು. ಹಳೆಯ ರಕ್ತ ತುಂಬಿದ ಗಂಟು ಅದು. ಮೊದಲೆಲ್ಲ ಖಚಿತಪಡಿಸಲು ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಲ್ಯಾಪರೊಸ್ಕೋಪಿಯೇ ಬೇಕು ಅನ್ನುತ್ತಿದ್ದರು. ಈಗ ಲಕ್ಷಣ, ಸ್ಕ್ಯಾನ್ ಹೊಂದಿಕೆಯಾದರೆ ಔಷಧಿ ಶುರು ಮಾಡಬಹುದು.

ಮುಂದಿನ ಭೇಟಿಗೆ ಬಂದಾಗ ಅವಳ ತಲೆ ತುಂಬ ಒಂದೇ ಪ್ರಶ್ನೆ: ಮಾತ್ರೆಯಾ, ಆಪರೇಷನ್ನಾ?

ಡಾಕ್ಟರು ಹೇಳಿದ್ದನ್ನೇ ಕೂತು ಬಿಡಿಸಿದೆವು. ಡಯನೊಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆಯನ್ನು ದಿನಕ್ಕೆ 2 ಮಿಲಿಗ್ರಾಂ ಬಿಡದೆ ತಗೊಂಡರೆ ನೋವು ಇಳಿಯುತ್ತದೆ, ಗಂಟೂ ಸ್ವಲ್ಪ ಕುಗ್ಗಬಹುದು. ಮೊದಲ ತಿಂಗಳುಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಾಣಿಸುವುದು ಸಾಮಾನ್ಯ. ಮನಸ್ಸು ಕುಗ್ಗಿದರೆ ಡಾಕ್ಟರಿಗೆ ತಿಳಿಸಬೇಕು. ಆದರೆ ಮಾತ್ರೆ ಕಾಯಿಲೆಯನ್ನು ತಡೆಹಿಡಿಯುತ್ತದೆ ಅಷ್ಟೇ, ನಿಲ್ಲಿಸಿದರೆ ನೋವು ಮರಳಬಹುದು. ತಗೊಳ್ಳುವಷ್ಟು ದಿನ ಗರ್ಭದ ಆಸೆಯನ್ನೂ ಬದಿಗಿಡಬೇಕು.

ಲ್ಯಾಪರೊಸ್ಕೋಪಿಯಲ್ಲಿ ಗಂಟು ತೆಗೆದು ಅಂಟನ್ನು ಬಿಡಿಸಬಹುದು. ನೋವು ಕಮ್ಮಿಯಾಗುತ್ತದೆ, ಗರ್ಭ ನಿಲ್ಲುವ ಸಾಧ್ಯತೆಯೂ ಹೆಚ್ಚಬಹುದು. ತೊಂದರೆ ಏನೆಂದರೆ, ಗಂಟಿನ ಗೋಡೆಯ ಜೊತೆ ಆರೋಗ್ಯವಾದ ಅಂಡಾಶಯದ ಸ್ವಲ್ಪ ಭಾಗವೂ, ಅದರಲ್ಲಿರುವ ಅಂಡಾಣುಗಳೂ ಹೋಗುತ್ತವೆ. ಹಾಗಾಗಿ ಮೊದಲೇ ಎಎಂಎಚ್ ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಅಂದೆ. ಅಂಡಾಣುಗಳ ದಾಸ್ತಾನಿನ ಅಂದಾಜು ಅದರಿಂದ ಸಿಗುತ್ತದೆ. ಆಪರೇಷನ್ ಆದಮೇಲೂ ಕಾಯಿಲೆ ಮತ್ತೆ ಬರಬಹುದು.

ಇಷ್ಟಾದ ಮೇಲೆ ಒಂದು ಲೆಕ್ಕ ಹಾಕಿಸಿದೆ. ಎರಡು ವರ್ಷದಲ್ಲಿ ಗಂಡ ಹೆಂಡತಿ ಒಟ್ಟಿಗಿದ್ದದ್ದು 75 ದಿನ. ಗರ್ಭ ನಿಲ್ಲಬಹುದಾದ ಸಮಯ ಎರಡೋ ಮೂರೋ ಸಲ ಬಂದಿರಬಹುದು, ಅದೂ ನೋವಿನ ನಡುವೆ. ಒಂದು ವರ್ಷ ಜೊತೆಯಲ್ಲಿದ್ದು ಪ್ರಯತ್ನಿಸದೆ ಬಂಜೆತನದ ಮಾತೇ ಬರುವುದಿಲ್ಲ. ಈ ಲೆಕ್ಕವನ್ನು ಅತ್ತೆಯ ಎದುರಿಗೂ ಹೇಳಿದೆ. ಅವರು ಬೆರಳು ಮಡಚಿ ತಾವೇ ಎಣಿಸಿದರು. "ಮಗು ಆದರೆ ಎಲ್ಲ ಸರಿಹೋಗುತ್ತದೆ ಅಲ್ವಾ?" ಅಂದರು. ಬಸುರಿನಲ್ಲಿ ನೋವು ಕಮ್ಮಿಯಾಗಬಹುದು, ಕಾಯಿಲೆ ಹೋಗುವುದಿಲ್ಲ ಅಂದೆ.

ಗಂಡನ ಮುಂದಿನ ರಜೆಗೆ ಹತ್ತು ತಿಂಗಳಿತ್ತು. ಎಎಂಎಚ್ ವಯಸ್ಸಿಗೆ ತಕ್ಕಷ್ಟಿತ್ತು. ಏಳೆಂಟು ತಿಂಗಳು ಡಯನೊಜೆಸ್ಟ್, ಆಮೇಲೆ ನಿಲ್ಲಿಸಿ ಪ್ರಯತ್ನ, ನೋವು ತಡೆಯದಿದ್ದರೆ ಅಥವಾ ಗಂಟು ಬೆಳೆದರೆ ಆಪರೇಷನ್ ಎಂದು ಡಾಕ್ಟರ ಜೊತೆ ಕೂತು ಶೈಲಾಳೇ ತೀರ್ಮಾನಿಸಿದಳು. ನಾನು ಗಂಡನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿದೆ. ಅವನಿಗೆ ಹೇಳಿದ್ದು ಒಂದೇ: ನೋವಾದಾಗ ಅವಳು ನಿಲ್ಲಿಸು ಅಂದರೆ ಅಲ್ಲಿಗೇ ನಿಲ್ಲಿಸಬೇಕು.

ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನನ್ನು ಕಂಡರೆ ಆಗುವುದಿಲ್ಲ ಅಂದುಕೊಂಡಿದ್ದೆ ಮೇಡಂ" ಅಂದ.