ತಂಪು ಕನ್ನಡಕದ ಅಸಲಿತನ: ಮೂರು ಗುರುತುಗಳು ಒಂದಕ್ಕೊಂದು ಹೊಂದಬೇಕು

ಪ್ರಶ್ನೆ: ನನ್ನ ರೇಬಾನ್ ವೇಫೇರರ್ ಅಸಲಿಯೇ ಎಂಬುದನ್ನು ಗಾಜಿನ ಕೆತ್ತನೆ, ಕೀಲು ಮತ್ತು ಕಡ್ಡಿಯೊಳಗಿನ ಸಂಖ್ಯೆ ನೋಡಿ ತಿಳಿಯಬಹುದೇ?

ಉತ್ತರ: ಬಹುಮಟ್ಟಿಗೆ ತಿಳಿಯಬಹುದು, ಆದರೆ ಸಂಖ್ಯೆಯಿಂದ ಆರಂಭಿಸಿ. ಒರಿಜಿನಲ್ ವೇಫೇರರ್‌ನ ಕಡ್ಡಿಯ ಒಳಬದಿಯಲ್ಲಿ RB2140 ಎಂಬ ಮಾದರಿ ಸಂಖ್ಯೆ, ಅನಂತರ ಬಣ್ಣದ ಸಂಕೇತ, ಆಮೇಲೆ 50 ಮತ್ತು 22 ಎಂಬಂತಹ ಅಳತೆಗಳು ಇರುತ್ತವೆ. ಇವು ಗಾಜಿನ ಅಗಲ ಮತ್ತು ಮೂಗುಸೇತುವೆಯ ಅಗಲವನ್ನು ಮಿಲಿಮೀಟರಿನಲ್ಲಿ ಹೇಳುವುದರಿಂದ ಅಳತೆಪಟ್ಟಿ ಇಟ್ಟು ಪರೀಕ್ಷಿಸಬಹುದು.

ಬಣ್ಣದ ಸಂಕೇತವೇ ನಕಲನ್ನು ಹೆಚ್ಚಾಗಿ ಬಯಲು ಮಾಡುತ್ತದೆ. ಈ ಮಾದರಿಯಲ್ಲಿ 901 ಎಂದರೆ ಕಪ್ಪು ಚೌಕಟ್ಟು ಮತ್ತು ಸಾಮಾನ್ಯ ಹಸಿರು ಗಾಜು. 901/58 ಎಂದರೆ ಪ್ರತಿಫಲಿತ ಬೆಳಕಿನ ಕಣ್ಣುಕುಕ್ಕುವ ಹೊಳಪನ್ನು ತಡೆಯುವ ಪೋಲರೈಸ್ಡ್ ಗಾಜು. ಕಡ್ಡಿಯಲ್ಲಿ 901/58 ಎಂದಿದ್ದರೆ ಗಾಜಿನ ಮೇಲಿನ ಹೆಸರಿನ ಪಕ್ಕದಲ್ಲಿ P ಅಕ್ಷರವಿರಬೇಕು, ಮತ್ತು ಹೊಳೆಯುವ ಎಲ್‌ಸಿಡಿ ಪರದೆಯ ಮುಂದೆ ಕನ್ನಡಕವನ್ನು ತಿರುಗಿಸಿದಾಗ ಒಂದು ಕೋನದಲ್ಲಿ ಪರದೆ ಬಹುತೇಕ ಕಪ್ಪಾಗಬೇಕು. ಕಪ್ಪಾಗದಿದ್ದರೆ ಸಂಖ್ಯೆ ಸುಳ್ಳು, ಇಲ್ಲವೇ ಗಾಜನ್ನು ಬದಲಾಯಿಸಲಾಗಿದೆ.

ಕೀಲಿನ ಹತ್ತಿರ ಗಾಜಿನ ಅಂಚಿನಲ್ಲಿರುವ ಪುಟ್ಟ RB ಕೆತ್ತನೆ ಬೆಳಕಿಗೆ ಓರೆಯಾಗಿ ಹಿಡಿದಾಗ ಕಾಣುತ್ತದೆ, ಉಗುರಿಗೂ ತಗಲುತ್ತದೆ. ಹಳೆಯದರಲ್ಲಿ BL ಇದ್ದರೆ ಗಾಬರಿ ಬೇಡ: 1999ರಲ್ಲಿ ಇಟಲಿಯ ಲಕ್ಸೋಟಿಕಾ ಕಂಪನಿ ರೇಬಾನ್ ಅನ್ನು ಕೊಳ್ಳುವ ಮುನ್ನ ಬಾಷ್ ಆ್ಯಂಡ್ ಲಾಂಬ್ ಸಂಸ್ಥೆ ಇವನ್ನು ತಯಾರಿಸುತ್ತಿತ್ತು. ಆದರೆ BL ಗಾಜು RB2140 ಕಡ್ಡಿಯೊಂದಿಗೆ ಬಂದರೆ ಖಂಡಿತ ಅನುಮಾನಿಸಿ.

RB2140ರ ಕೀಲು ಲೋಹದ್ದಾಗಿದ್ದು, ಒಂದರೊಳಗೊಂದು ಕೂರುವ ಏಳು ಹಲ್ಲುಗಳಿರುತ್ತವೆ. ನಾನು ಇದಕ್ಕೆ ಕಡಿಮೆ ತೂಕ ಕೊಡುತ್ತೇನೆ, ಏಕೆಂದರೆ ಒಳ್ಳೆಯ ನಕಲುಗಳಲ್ಲೂ ಅದೇ ಕೀಲು ಸಿಗುತ್ತದೆ.