ಕಿಟಕಿಯ ಅಳತೆಯ ಪೆಟ್ಟಿಗೆ

“ನಮ್ಮ ಬಡಾವಣೆಯಲ್ಲಿ ಮೊಬೈಲ್ ಕದ್ದ ಹುಡುಗ ಮರುದಿನವೇ ಜೈಲು ಸೇರಿದ. ದೊಡ್ಡ ಬ್ಯಾಂಕುಗಳು ಸಿಕ್ಕಿಬಿದ್ದರೆ ದಂಡ ಕಟ್ಟಿದ ಸುದ್ದಿ ಮಾತ್ರ ಬರುತ್ತದೆ, ಯಾರೂ ಒಳಗೆ ಹೋಗುವುದಿಲ್ಲ. ಇದಕ್ಕೆ ಲಂಚವಲ್ಲದೆ ಬೇರೆ ಕಾರಣವಿದೆಯೇ?”
— ಓದುಗರೊಬ್ಬರು, ಹಾಸನ

ಲಂಚವಿಲ್ಲದೆಯೂ ಹೀಗಾಗುತ್ತದೆ. ನನಗೆ ಹೆಚ್ಚು ಕಳವಳ ತರುವುದೂ ಅದೇ. ಬ್ರಿಟನ್ನಿನ ಎಚ್‌ಎಸ್‌ಬಿಸಿ ಬ್ಯಾಂಕಿನ ಪ್ರಕರಣವನ್ನೇ ನೋಡಿ.

ಮೆಕ್ಸಿಕೊದ ಮಾದಕವಸ್ತು ದಂಧೆಯವರು ಅಲ್ಲಿನ ಶಾಖೆಗಳಿಗೆ ದಿನವೊಂದಕ್ಕೆ ಲಕ್ಷಗಟ್ಟಲೆ ಡಾಲರ್ ನಗದು ತಂದು ಕಟ್ಟುತ್ತಿದ್ದರು. ಕ್ಯಾಷಿಯರನ ಕಿಟಕಿಯಲ್ಲಿ ಸಲೀಸಾಗಿ ತೂರಲೆಂದು ಅದೇ ಅಳತೆಯ ಪೆಟ್ಟಿಗೆಗಳನ್ನೂ ಮಾಡಿಸಿಕೊಂಡಿದ್ದರು. ಹೀಗೆ ಕನಿಷ್ಠ 88 ಕೋಟಿ ಡಾಲರ್ ಕಪ್ಪುಹಣ ಅಮೆರಿಕದ ಶಾಖೆಯ ಮೂಲಕ ಬಿಳಿಯಾಯಿತು. ಆ ಶಾಖೆಯ ಕಡತದಲ್ಲಿ ಮೆಕ್ಸಿಕೊ ‘ಅಪಾಯ ಕಡಿಮೆ’ ಇರುವ ದೇಶಗಳ ಪಟ್ಟಿಯಲ್ಲಿತ್ತು. ಆದ್ದರಿಂದ ಅಲ್ಲಿಂದ ಬಂದ ಹಣವನ್ನು ಯಾರೂ ಸರಿಯಾಗಿ ತಪಾಸಣೆ ಮಾಡಲಿಲ್ಲ.

ಇಲ್ಲಿ ಕಳ್ಳ ಯಾರು? ಪೆಟ್ಟಿಗೆ ಕಂಡ ಗುಮಾಸ್ತನಿಗೆ ಪಟ್ಟಿ ತಿಳಿಯದು. ಪಟ್ಟಿ ಮಾಡಿದ ಅಧಿಕಾರಿ ಪೆಟ್ಟಿಗೆ ಕಂಡವನಲ್ಲ. ಮೊಬೈಲ್ ಕದ್ದ ಹುಡುಗನ ಕೈ, ಉದ್ದೇಶ ಎರಡೂ ಒಂದೇ ಮೈಯಲ್ಲಿರುತ್ತವೆ. ಕಂಪನಿಯಲ್ಲಿ ಅವು ಬೇರೆ ಬೇರೆ ಮಹಡಿಗಳಲ್ಲಿ, ಕೆಲವೊಮ್ಮೆ ಬೇರೆ ಬೇರೆ ದೇಶಗಳಲ್ಲಿ ಕುಳಿತಿರುತ್ತವೆ. ಒಬ್ಬ ವ್ಯಕ್ತಿ ಗೊತ್ತಿದ್ದೇ ಮಾಡಿದ ಎಂದು ಸಾಬೀತುಪಡಿಸುವುದು ಸರ್ಕಾರಿ ವಕೀಲರಿಗೆ ಕಷ್ಟ.

ಹಾಗಾದರೆ ಬ್ಯಾಂಕಿನ ಮೇಲೆಯೇ ಮೊಕದ್ದಮೆ ಹೂಡಬಹುದಿತ್ತಲ್ಲ? ಅಮೆರಿಕದ ನ್ಯಾಯ ಇಲಾಖೆಯೊಳಗೇ ಕೆಲವರು ಹಾಗೆ ಶಿಫಾರಸು ಮಾಡಿದ್ದರು. ಆದರೆ ಅಪರಾಧ ಸಾಬೀತಾದರೆ ಪರವಾನಗಿಗೇ ಕುತ್ತು. ದಿವಾಳಿಯಾದ ಇಂಧನ ಕಂಪನಿ ಎನ್ರಾನ್‌ನ ಕಡತಗಳನ್ನು ನಾಶಮಾಡಿದ ಪ್ರಕರಣದಲ್ಲಿ ಆರ್ಥರ್ ಆಂಡರ್ಸನ್ ಲೆಕ್ಕಪರಿಶೋಧನಾ ಸಂಸ್ಥೆಗೆ 2002ರಲ್ಲಿ ಶಿಕ್ಷೆಯಾಗಿತ್ತು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸುವ ಹೊತ್ತಿಗೆ ಸಂಸ್ಥೆ ಮುಳುಗಿ, ಸಾವಿರಾರು ಜನರ ಕೆಲಸ ಹೋಗಿತ್ತು. ಆ ಭಯ ವಕೀಲರನ್ನು ಬಿಟ್ಟಿರಲಿಲ್ಲ. ಬ್ರಿಟನ್ನಿನ ಅಂದಿನ ಹಣಕಾಸು ಸಚಿವ ಜಾರ್ಜ್ ಓಸ್ಬೋರ್ನ್ ಕೂಡ ಮಾರುಕಟ್ಟೆ ಅಲುಗಾಡೀತು ಎಂದು ಅಮೆರಿಕಕ್ಕೆ ಪತ್ರ ಬರೆದರು. ಮೊಬೈಲ್ ಕದ್ದವನ ಪರವಾಗಿ ಯಾವ ಹಣಕಾಸು ಸಚಿವರು ಪತ್ರ ಬರೆದಾರು?

ಕೊನೆಗೆ 2012ರ ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು. ಬ್ಯಾಂಕು ತಪ್ಪೊಪ್ಪಿಕೊಂಡು ಸುಮಾರು 190 ಕೋಟಿ ಡಾಲರ್ ಕಟ್ಟಬೇಕು, ಐದು ವರ್ಷ ಹೊರಗಿನ ಮೇಲ್ವಿಚಾರಕರ ಕಣ್ಗಾವಲಿನಲ್ಲಿ ಇರಬೇಕು. ಅಲ್ಲಿಯವರೆಗೆ ಮೊಕದ್ದಮೆ ಮುಂದಕ್ಕೆ. ಆ ವರ್ಷದ ತೆರಿಗೆಪೂರ್ವ ಲಾಭ ಎರಡು ಸಾವಿರ ಕೋಟಿ ಡಾಲರ್‌ಗಿಂತ ಹೆಚ್ಚಿತ್ತು, ಅಂದರೆ ದಂಡ ಸುಮಾರು ಐದು ವಾರಗಳ ಗಳಿಕೆ. ಅದನ್ನು ತೆತ್ತವರು ಷೇರುದಾರರು, ಪಟ್ಟಿ ಮಾಡಿದ ಅಧಿಕಾರಿಯಲ್ಲ.

ಆರ್ಥಿಕತೆಯ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಅದು ಸಂಸ್ಥೆಯನ್ನು ಉಳಿಸಲು ಕಾರಣವಾದೀತೇ ಹೊರತು ಅಧಿಕಾರಿಗಳನ್ನು ಬಿಡಲು ಅಲ್ಲ. ಒಬ್ಬ ಹಿರಿಯ ಅಧಿಕಾರಿ ಕಟಕಟೆಯಲ್ಲಿ ನಿಂತರೆ ಯಾವ ಮಾರುಕಟ್ಟೆಯೂ ಕುಸಿಯುವುದಿಲ್ಲ. ಈ ಪ್ರಕರಣದಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. 2017ರ ಡಿಸೆಂಬರ್‌ನಲ್ಲಿ ಅವಧಿ ಮುಗಿಯಿತು, ಬ್ಯಾಂಕಿನ ಮೇಲಿದ್ದ ಆರೋಪಗಳೂ ಕೈಬಿಟ್ಟುಹೋದವು.

— ಸಂಪಾದಕ