ಪಾಸ್‌ಪೋರ್ಟ್‌ನ ಕೆಳಗಿನ ಸಾಲು: ನಂಬರ್ ಸರಿಯಾಗಿ ಓದಿದೆಯಾ?

ಪ್ರಶ್ನೆ: ಫೋಟೋದಿಂದ ಆ್ಯಪ್ ಓದಿದ ಪಾಸ್‌ಪೋರ್ಟ್ ನಂಬರ್ ಸರಿ ಇದೆಯಾ ಅಂತ ಲೆಕ್ಕ ಹಾಕಿ ನೋಡಬಹುದಾ?

ನೋಡಬಹುದು, ಪೆನ್ನು ಕಾಗದ ಸಾಕು. ಕೆಳಗಿನ ಎರಡು ಸಾಲಿನಲ್ಲಿ ತಲಾ 44 ಅಕ್ಷರ ಇರುತ್ತವೆ. ಎಣಿಸಿದಾಗ ಕಡಿಮೆ ಬಂದರೆ ಫೋಟೋ ಅಂಚು ಕಟ್ ಆಗಿದೆ ಅಥವಾ ಆ್ಯಪ್ ಯಾವುದೋ `<` ಗುರುತನ್ನು ನುಂಗಿದೆ, ಮತ್ತೆ ತೆಗೆಯಿರಿ.

ಎರಡನೇ ಸಾಲಿನ ಮೊದಲ 9 ಜಾಗ ನಂಬರ್‌ಗೆ, 10ನೆಯದು ಅದರ ತಾಳೆ ಅಂಕಿ. ನಮ್ಮ ಭಾರತದ ನಂಬರ್ 8 ಅಕ್ಷರದ್ದು, ಅದಕ್ಕೇ 9ನೇ ಜಾಗದಲ್ಲಿ `<` ಬರುತ್ತದೆ. ಅದಕ್ಕೆ ಬೆಲೆ 0. A ಅಂದರೆ 10, B ಅಂದರೆ 11, ಹೀಗೆ Z ತನಕ 35. ಇವನ್ನು ಕ್ರಮವಾಗಿ 7, 3, 1 ರಿಂದ ಗುಣಿಸುತ್ತಾ ಹೋಗಿ, ಕೂಡಿಸಿ, ಮೊತ್ತದ ಕೊನೆಯ ಅಂಕಿ ನೋಡಿ. ಸುಮ್ನೆ ಉದಾಹರಣೆಗೆ ಒಂದು ನಂಬರ್:

```
K1234567<
20*7+1*3+2*1+3*7+4*3+5*1+6*7+7*3+0*1 = 246
```

ಹಾಗಾಗಿ 10ನೇ ಜಾಗದಲ್ಲಿ 6 ಇರಬೇಕು. ಡೊಂಬಿವಲಿಯ ನಮ್ಮ ಟಿಕೆಟ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಬರುವ ಮಸುಕು ಫೋಟೋಗಳಲ್ಲಿ 7 ಜಾಸ್ತಿ 1 ಆಗಿಬಿಡುತ್ತದೆ. ಇಲ್ಲಿ ಕೊನೆಯ 7 ಹಾಗಾದರೆ ಮೊತ್ತ 228, ತಾಳೆ 8, ತಪ್ಪು ಕೂಡಲೇ ಸಿಕ್ಕಿತಲ್ವಾ? 0 ಹೋಗಿ O ಆದರೂ ಸಿಗುತ್ತದೆ.

ಆದರೆ ಎಲ್ಲ ತಪ್ಪೂ ಸಿಗುವುದಿಲ್ಲ. ಪಕ್ಕಪಕ್ಕದ 1 ಮತ್ತು 6 ಅದಲುಬದಲಾದರೆ, ಅಂದರೆ ಎರಡಕ್ಕೂ ವ್ಯತ್ಯಾಸ 5 ಇದ್ದರೆ, ತಾಳೆ ಬದಲಾಗುವುದೇ ಇಲ್ಲ. A ಹೋಗಿ K ಆದರೂ ಅಷ್ಟೇ. ಹೆಸರಿರುವ ಮೊದಲ ಸಾಲಿಗಂತೂ ತಾಳೆ ಅಂಕಿಯೇ ಇಲ್ಲ, ಅದನ್ನು ಕಣ್ಣಿಂದಲೇ ಒಂದೊಂದಾಗಿ ಓದಿ.